ಲೈನಿಂಗ್ ಮೊದಲು ನೀರಿಗೆ ಬೀಳಲಿ

"ಭಾನುವಾರ ಮದುವೆ ಇದೆ ಮಾಸ್ಟ್ರೇ, ಈಗಲೇ ಕಟಿಂಗ್ ಮಾಡಿಬಿಡಿ. ನೆನೆಸೋದು ಒಣಗಿಸೋದು ಅಂತ ಒಂದು ದಿನ ಯಾಕೆ ಹಾಳು ಮಾಡ್ತೀರಿ?"

ಗಿರಾಕಿ ಕೊಟ್ಟದ್ದು ರೇಷ್ಮೆ ಸೀರೆಯ ಬ್ಲೌಸ್ ಪೀಸು ಮತ್ತು ಒಳಗೆ ಹಾಕಲು ಒಂದು ಮೀಟರ್ ಕಾಟನ್ ಲೈನಿಂಗ್. ಟೈಲರ್ ಲೈನಿಂಗ್ ಮೇಲೆ ಒಂದು ಹನಿ ನೀರು ಬಿಟ್ಟರು. ಹನಿ ಇಂಗದೆ ಮೇಲೆಯೇ ನಿಂತಿತು.

"ಗಂಜಿ ಇನ್ನೂ ಹೋಗಿಲ್ಲಮ್ಮಾ. ಮಗ್ಗದಲ್ಲಿ ಹಾಸಿನ ಎಳೆಗಳನ್ನ ಬಿಗಿಯಾಗಿ ಎಳೆದು ನೇಯ್ತಾರೆ. ಮಿಲ್‌ನಲ್ಲಿ ಮತ್ತೆ ಎಳೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಸುತ್ತುತಾರೆ. ಬಟ್ಟೆ ಆ ಎಳೆತದಲ್ಲೇ ಅಂಗಡಿಗೆ ಬರುತ್ತೆ. ನೀರು ಬಿದ್ದರೆ ನೂಲು ಉಬ್ಬುತ್ತೆ. ಉಬ್ಬಿದ ಎಳೆಯ ಮೇಲೆ ಕೆಳಗೆ ಹಾಯೋ ಇನ್ನೊಂದು ಎಳೆ ಹೆಚ್ಚು ಬಾಗಬೇಕಲ್ಲ, ಅದಕ್ಕೇ ಬಟ್ಟೆ ಉದ್ದ ಕಮ್ಮಿ ಆಗುತ್ತೆ. ಅಗಲದಲ್ಲೂ ಕುಗ್ಗುತ್ತೆ, ಸ್ವಲ್ಪ ಕಮ್ಮಿ."

"ಎಷ್ಟು ಮಹಾ ಕುಗ್ಗೀತು?"

ಟೈಲರ್ ಒಂದು ತುಂಡು ತೋರಿಸಿದರು. ನೆನೆಸುವ ಮೊದಲು ಅದರಲ್ಲಿ 50 ಸೆಂಟಿಮೀಟರ್ ಅಂತರಕ್ಕೆ ಎರಡು ಕಡೆ ಕೆಂಪು ದಾರ ಹಾಕಿದ್ದರು. ಟೇಪು ಹಿಡಿದರೆ ಈಗ 48. ನೂರಕ್ಕೆ ನಾಲ್ಕು ಅಂದಹಾಗಾಯಿತು. 14 ಇಂಚಿನ ಬ್ಲೌಸಿನಲ್ಲಿ ಅರ್ಧ ಇಂಚಿಗಿಂತ ತುಸು ಹೆಚ್ಚು. 36ರ ಎದೆ ಸುತ್ತಳತೆಯಲ್ಲಿ ನೂರಕ್ಕೆ ಎರಡೇ ಕುಗ್ಗಿದರೂ ಮುಕ್ಕಾಲು ಇಂಚು ಹತ್ತಿರ ಹೋಗುತ್ತದೆ. ಹುಕ್ಕು ಹಾಕಲು ಉಸಿರು ಬಿಗಿಹಿಡಿಯಬೇಕಾಗುವುದಕ್ಕೆ ಅಷ್ಟು ಸಾಕು.

ಬ್ಲೌಸಿನಲ್ಲಿ ಇನ್ನೂ ದೊಡ್ಡ ತೊಂದರೆಯಿದೆ. ಒಳಗಿನ ಕಾಟನ್ ಕುಗ್ಗಿದಷ್ಟೇ ಮೇಲಿನ ಬಟ್ಟೆ ಕುಗ್ಗುವುದಿಲ್ಲ. ಎರಡನ್ನೂ ಒಂದೇ ಹೊಲಿಗೆಯಲ್ಲಿ ಕೂಡಿಸಿರುವುದರಿಂದ ಮೇಲಿನದು ಕಂಕುಳಲ್ಲಿ, ಕತ್ತಿನ ಸುತ್ತ ನೆರಿಗೆಗಟ್ಟುತ್ತದೆ. ಎಷ್ಟು ಇಸ್ತ್ರಿ ಮಾಡಿದರೂ ಅದು ಹೋಗದು. ಒಳಗೆ ಬಿಟ್ಟ ಮಾರ್ಜಿನ್ ಬಿಚ್ಚಿದರೆ ಬಿಗಿ ಸಡಿಲವಾದೀತು, ನೆರಿಗೆ ಹಾಗೇ ಉಳಿಯುತ್ತದೆ.

"ನಾನು ಡ್ರೈಕ್ಲೀನ್‌ಗೇ ಕೊಡೋದು."

"ಬೆವರು ಬರಲ್ವೇನಮ್ಮಾ? ಒಂದಲ್ಲ ಒಂದು ದಿನ ಮನೆಯಲ್ಲಿ ಯಾರಾದರೂ ನೀರಿಗೆ ಹಾಕೇ ಹಾಕ್ತಾರೆ."

"ಹಾಗಾದರೆ ನೀರು ಚಿಮುಕಿಸಿ ಇಸ್ತ್ರಿ ಮಾಡಿ, ಬೇಗ ಆಗುತ್ತೆ."

"ಚಿಮುಕಿಸಿದರೆ ನೀರು ಎಳೆಯ ಒಳಗೆ ಪೂರ್ತಿ ಇಳಿಯಲ್ಲ. ಇಸ್ತ್ರಿ ಪೆಟ್ಟಿಗೆ ಮತ್ತೆ ಎಳೆದು ಉದ್ದ ಮಾಡಿಬಿಡುತ್ತೆ."

ಅವರ ಕ್ರಮ ಸರಳ. ಲೈನಿಂಗನ್ನು ಬಿಡಿಸಿ, ಮಡಿಕೆಯಿಲ್ಲದೆ ತಣ್ಣೀರಲ್ಲಿ ಕೆಲವು ಗಂಟೆ ಮುಳುಗಿಸಿಡುತ್ತಾರೆ. ಗಂಜಿ ಬಿಟ್ಟು ನೀರು ಮಬ್ಬಾಗುತ್ತದೆ. ಹಿಂಡದೆ ನೆರಳಲ್ಲಿ ಹರವಿ, ಇನ್ನೂ ತುಸು ಹಸಿಯಿರುವಾಗಲೇ ಎಳೆಯದೆ ಇಸ್ತ್ರಿ ಒತ್ತಿ, ಪೂರ್ತಿ ಒಣಗಿದ ಮೇಲೆ ಕತ್ತರಿ ಹಾಕುತ್ತಾರೆ. ರೇಷ್ಮೆಯನ್ನು ಮಾತ್ರ ನೆನೆಸುವುದಿಲ್ಲ, ಬಣ್ಣವೂ ಹೊಳಪೂ ಕೆಡಬಹುದು. ಪಾಲಿಯೆಸ್ಟರ್ ಲೈನಿಂಗ್ ಆದರೆ ತಣ್ಣೀರಿಗೆ ಕುಗ್ಗುವುದಿಲ್ಲ, ಆದರೆ ನಮ್ಮ ಸೆಕೆಗೆ ಮೈಗೆ ಹಿತವಾಗಿರುವುದು ಕಾಟನ್ನೇ. ಒಂದೇ ಸಲಕ್ಕೆ ಪೂರ್ತಿ ಕುಗ್ಗಿ ಮುಗಿಯುವುದೂ ಇಲ್ಲ. ಮುಂದಿನ ಒಗೆತಗಳಲ್ಲಿ ಉಳಿದದ್ದು ಅಲ್ಪಸ್ವಲ್ಪ ಕುಗ್ಗುತ್ತದೆ. ಆ ಅಲ್ಪಸ್ವಲ್ಪಕ್ಕೆ ಮಾರ್ಜಿನ್ ಸಾಕಾಗುತ್ತದೆ.

"ಸೀರೆಯ ಫಾಲ್ ಕೂಡ ಕಾಟನ್ನೇ ಅಲ್ವಾ?" ಎಂದರು ಆಕೆ.

"ಹೌದಮ್ಮಾ. ಅದನ್ನೂ ಇವತ್ತೇ ನೆನೆಸಿಡಿ. ಇಲ್ಲದಿದ್ದರೆ ಒಂದೇ ಒಗೆತಕ್ಕೆ ಸೀರೆಯ ಅಂಚು ಸುರುಟಿಕೊಳ್ಳುತ್ತೆ."