ಒಂದು ಹಾಳೆಯಲ್ಲಿ ನಾಲ್ಕು ಶೈಲಿಗಳು

ವಿನ್ಯಾಸ ಇತಿಹಾಸದ ಪಾಠ ಸಾಮಾನ್ಯವಾಗಿ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಕಾರ್ಖಾನೆಗಳಿಂದ ಹೊರಟು ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ಸಾಗುತ್ತದೆ. ದಾರಿಯಲ್ಲಿ ನೂರಾರು ಕುರ್ಚಿ, ಕಟ್ಟಡ, ಬಟ್ಟೆ, ಭಿತ್ತಿಪತ್ರಗಳು ಎದುರಾಗುತ್ತವೆ. ಪರೀಕ್ಷೆ ಹತ್ತಿರ ಬಂದಾಗ ಇದನ್ನೆಲ್ಲ ಒಂದೇ ಹಾಳೆಯ ಕೋಷ್ಟಕಕ್ಕೆ ಇಳಿಸುವುದು ವಿದ್ಯಾರ್ಥಿಗಳ ರೂಢಿ. ಅಡ್ಡಸಾಲಿಗೊಂದು ಶೈಲಿ, ಕಂಬಸಾಲುಗಳಲ್ಲಿ ಕಾಲ, ಲಕ್ಷಣ, ಉದಾಹರಣೆ. ಇಂಥ ಕೋಷ್ಟಕಗಳಲ್ಲಿ ಹೆಚ್ಚಿನವು ಕೆಡುವುದು ಲಕ್ಷಣದ ಮನೆಯಲ್ಲಿ. ಅಲ್ಲಿ ‘ಸುಂದರ’, ‘ಸರಳ’, ‘ಆಧುನಿಕ’ ಎಂದು ಬರೆದರೆ ಯಾವ ಶೈಲಿಗೂ ಅದು ಹೊಂದುತ್ತದೆ, ಯಾವುದನ್ನೂ ಗುರುತಿಸುವುದಿಲ್ಲ. ಹಿಂದೆಂದೂ ಕಾಣದ ವಸ್ತುವೊಂದನ್ನು ಮುಂದಿಟ್ಟಾಗ ಅದು ಯಾವ ಸಾಲಿನದು ಎಂದು ಹೇಳಲು ನೆರವಾಗುವುದೇ ಒಳ್ಳೆಯ ಕೋಷ್ಟಕದ ಕೆಲಸ.

1860ರಿಂದ 1940ರವರೆಗಿನ ನಾಲ್ಕು ಶೈಲಿಗಳನ್ನು ತೆಗೆದುಕೊಂಡರೆ ಕಟ್ಟುವ ಬಗೆ ಸ್ಪಷ್ಟವಾಗುತ್ತದೆ. ಆರ್ಟ್ಸ್ ಅಂಡ್ ಕ್ರಾಫ್ಟ್ಸ್, ಆರ್ಟ್ ನೂವೋ, ಆರ್ಟ್ ಡೆಕೊ, ಬೌಹೌಸ್. ಪ್ರತಿಯೊಂದಕ್ಕೂ ಅದೇ ಪ್ರಶ್ನೆಗಳನ್ನು ಹಾಕಬೇಕು: ಗೆರೆ ಹೇಗಿದೆ, ವಸ್ತು ಯಾವುದು, ಅದನ್ನು ಮಾಡಿದ್ದು ಹೇಗೆ, ಅಲಂಕಾರ ಎಲ್ಲಿದೆ, ಈ ಶೈಲಿ ಯಾವುದನ್ನು ವಿರೋಧಿಸಿ ಹುಟ್ಟಿತು. ಕೊನೆಯ ಪ್ರಶ್ನೆಯನ್ನು ಬಿಟ್ಟರೆ ಕೋಷ್ಟಕದಲ್ಲಿ ಇತಿಹಾಸವೇ ಉಳಿಯುವುದಿಲ್ಲ. ಆದರೆ ನೋಡಿ ಗುರುತಿಸುವುದಕ್ಕೆ ನೆರವಾಗುವುದು ಮೊದಲ ನಾಲ್ಕು.

ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಕಾರ್ಖಾನೆಯ ಸರಕಿನ ವಿರುದ್ಧ ಎದ್ದ ಚಳವಳಿ. 1851ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ನಡೆದ ಮಹಾ ಪ್ರದರ್ಶನ, ಯಂತ್ರ ಅಗ್ಗವಾಗಿ ತುಂಬಿಕೊಟ್ಟ ಭಾರೀ ಅಲಂಕಾರವನ್ನು ಎಲ್ಲರ ಕಣ್ಣಿಗೂ ತೋರಿಸಿತ್ತು. ಹತ್ತು ವರ್ಷಗಳ ಬಳಿಕ, 1861ರಲ್ಲಿ, ವಿಲಿಯಂ ಮಾರಿಸ್ ಗೆಳೆಯರೊಂದಿಗೆ ತನ್ನದೇ ಸಂಸ್ಥೆ ಕಟ್ಟಿದ. ಈ ಸಾಲಿನ ಮಾದರಿಗೆ ಅವನ ‘ಸ್ಟ್ರಾಬೆರಿ ಥೀಫ್’ ಬಟ್ಟೆ ಸಾಕು. 1883ರ ಈ ವಿನ್ಯಾಸದಲ್ಲಿ ಹಣ್ಣು ಕದಿಯುವ ಹಕ್ಕಿಗಳು ಎದುರುಬದುರಾಗಿ ಕೂತಿವೆ. ನೀಲಿಯಲ್ಲಿ ಅದ್ದಿದ ಬಟ್ಟೆಯ ಬಣ್ಣವನ್ನು ಬೇಕಾದೆಡೆ ತೆಗೆದು, ಮರದ ಅಚ್ಚುಗಳಿಂದ ಒಂದೊಂದೇ ಬಣ್ಣವನ್ನು ಕೈಯಿಂದ ಒತ್ತಿ ಅದನ್ನು ಮುದ್ರಿಸಲಾಗುತ್ತಿತ್ತು.

ಆರ್ಟ್ ನೂವೋ ವಿರೋಧಿಸಿದ್ದು ಬೇರೆಯದನ್ನು. ಗ್ರೀಕ್, ಗೋಥಿಕ್ ಎಂದು ಹಳೆಯ ಶೈಲಿಗಳನ್ನು ನಕಲು ಮಾಡುತ್ತಿದ್ದ ಕಾಲಕ್ಕೆ ಹೊಸ ಗೆರೆಯೊಂದನ್ನು ಕೊಡಬೇಕೆಂಬುದು ಅದರ ಹಟ. ವಿಕ್ಟರ್ ಹೋರ್ಟಾ 1893ರಲ್ಲಿ ಬ್ರಸೆಲ್ಸ್‌ನಲ್ಲಿ ಕಟ್ಟಿದ ಟಾಸೆಲ್ ಮನೆಯ ಮೆಟ್ಟಿಲಂಗಳದಲ್ಲಿ ತೆಳ್ಳನೆಯ ಕಬ್ಬಿಣದ ಕಂಬದ ತುದಿಯಿಂದ ಬಳ್ಳಿ ಹೊರಡುತ್ತದೆ. ಅದೇ ಬಳುಕು ಗೋಡೆಯ ಚಿತ್ರಕ್ಕೂ ನೆಲದ ಮೊಸಾಯಿಕ್‌ಗೂ ಹರಿದಿದೆ. ಪ್ಯಾರಿಸ್ ಮೆಟ್ರೋ 1900ರಲ್ಲಿ ತೆರೆದಾಗ ಹೆಕ್ಟರ್ ಗಿಮಾರ್ ಅದರ ಪ್ರವೇಶದ್ವಾರಗಳನ್ನು ಇದೇ ಗೆರೆಯಲ್ಲಿ ರೂಪಿಸಿದ.

ಮೊದಲ ತೊಡಕು ಇಲ್ಲೇ ಕಾಣುತ್ತದೆ. ಮಾರಿಸನ ಬಟ್ಟೆಯಲ್ಲೂ ಬಳ್ಳಿ, ಗಿಮಾರ್‌ನ ಮೆಟ್ರೋದಲ್ಲೂ ಬಳ್ಳಿ. ಲಕ್ಷಣದ ಮನೆಯಲ್ಲಿ ‘ಸಸ್ಯರೂಪ, ಬಾಗುಗೆರೆ’ ಎಂದಷ್ಟೇ ಬರೆದವರು ಎರಡನ್ನೂ ಒಂದೇ ಸಾಲಿಗೆ ಹಾಕುತ್ತಾರೆ. ಮಾರಿಸನಲ್ಲಿ ಹಕ್ಕಿ ಹಕ್ಕಿಯಾಗಿಯೇ, ಹಣ್ಣು ಹಣ್ಣಾಗಿಯೇ ಗುರುತು ಸಿಗುತ್ತದೆ. ಚಿತ್ರ ಸಮತೋಲವಾಗಿ ಬಟ್ಟೆಯನ್ನು ತುಂಬುತ್ತದೆ. ಗಿಮಾರ್‌ನದು ಯಾವ ಗಿಡವೆಂದು ಹೇಳಲಾಗದು. ಬೆಳೆಯುವ ಸಸ್ಯದ ಚಲನೆಯೊಂದೇ ಅಲ್ಲಿ ಉಳಿದಿದೆ. ಇದಕ್ಕಿಂತ ಖಚಿತವಾದ ಗುರುತು ತಯಾರಿಕೆಯ ಕಂಬಸಾಲಿನಲ್ಲಿದೆ. ಮೆಟ್ರೋ ದ್ವಾರಗಳು ಎರಕದ ಕಬ್ಬಿಣದವು. ಒಂದೇ ಅಚ್ಚಿನ ಭಾಗಗಳನ್ನು ಎರಕ ಹೊಯ್ದು ಊರ ತುಂಬ ನಿಲ್ಲಿಸಲಾಯಿತು. ಮಾರಿಸ್ ದೂರವಿಟ್ಟ ಕಾರ್ಖಾನೆಯನ್ನು ಗಿಮಾರ್ ಬಳಸಿಕೊಂಡ. ಒಂದು ಕಂಬಸಾಲು ಬೆರೆಸಿಬಿಟ್ಟದ್ದನ್ನು ಇನ್ನೊಂದು ಬೇರ್ಪಡಿಸುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

ಮುಂದಿನ ಎರಡು ಸಾಲುಗಳಲ್ಲಿ ಬಳ್ಳಿ ಮಾಯವಾಗಿ ನೇರಗೆರೆ, ವೃತ್ತ, ತ್ರಿಕೋನಗಳು ಬರುತ್ತವೆ. ಗೆರೆಯ ಮನೆಯಲ್ಲಿ ಎರಡಕ್ಕೂ ‘ಜ್ಯಾಮಿತಿ’ ಎಂದೇ ಬರೆಯಬೇಕಾಗುತ್ತದೆ. ಬೇರ್ಪಡಿಸುವುದು ಅಲಂಕಾರದ ಪ್ರಶ್ನೆ. ನ್ಯೂಯಾರ್ಕಿನ ಕ್ರೈಸ್ಲರ್ ಕಟ್ಟಡ 1930ರದು, ಆರ್ಟ್ ಡೆಕೊ ಸಾಲಿಗೆ ತಕ್ಕ ಮಾದರಿ. ಅದರ ಮುಡಿಯಲ್ಲಿ ಹೊಳೆಯುವ ಉಕ್ಕಿನ ಕಮಾನುಗಳು ಒಂದರ ಮೇಲೊಂದು ಏರುತ್ತವೆ, ಅವುಗಳೊಳಗಿನ ತ್ರಿಕೋನ ಕಿಟಕಿಗಳು ಸೂರ್ಯಕಿರಣದಂತೆ ಹರಡುತ್ತವೆ, ಮೂಲೆಗಳಿಂದ ಉಕ್ಕಿನ ಹದ್ದಿನ ತಲೆಗಳು ಚಾಚಿವೆ. ಇವಾವುದೂ ಇಲ್ಲದಿದ್ದರೂ ಕಟ್ಟಡ ನಿಲ್ಲುತ್ತಿತ್ತು. ವಾಲ್ಟರ್ ಗ್ರೋಪಿಯಸ್ 1926ರಲ್ಲಿ ಜರ್ಮನಿಯ ಡೆಸ್ಸಾವ್‌ನಲ್ಲಿ ಪೂರೈಸಿದ ಬೌಹೌಸ್ ಶಾಲೆಯ ಕಟ್ಟಡದಲ್ಲಿ ಹೀಗೆ ತೆಗೆದುಹಾಕಬಹುದಾದದ್ದು ಬಹಳ ಕಡಿಮೆ. ಕಾರ್ಯಾಗಾರದ ಇಡೀ ಗೋಡೆ ಗಾಜು, ಏಕೆಂದರೆ ಒಳಗೆ ಕೆಲಸ ಮಾಡುವವರಿಗೆ ಬೆಳಕು ಬೇಕು. ಕೋಷ್ಟಕದ ಮನೆಯಲ್ಲಿ ಹೀಗೆ ಬರೆದರೆ ಸಾಕು: ಡೆಕೊದಲ್ಲಿ ಜ್ಯಾಮಿತಿಯೇ ಒಡವೆ, ಬೌಹೌಸ್‌ನಲ್ಲಿ ಜ್ಯಾಮಿತಿಯೇ ರಚನೆ.

ಕಾಲದ ಕಂಬಸಾಲಿನಲ್ಲಿ ಹೆಚ್ಚಿನ ಎಚ್ಚರ ಬೇಕು. ಸಾಲುಗಳು ಒಂದರ ಕೆಳಗೊಂದು ಇರುವುದರಿಂದ ಒಂದು ಶೈಲಿ ಮುಗಿದ ಮೇಲೆ ಇನ್ನೊಂದು ಶುರುವಾಯಿತು ಎಂಬ ತಪ್ಪು ತಿಳಿವಳಿಕೆ ಹುಟ್ಟುತ್ತದೆ. 1925ನೇ ವರ್ಷವೊಂದನ್ನೇ ನೋಡಬಹುದು. ಆ ವರ್ಷ ಪ್ಯಾರಿಸ್‌ನಲ್ಲಿ ಅಲಂಕಾರ ಕಲೆಗಳ ಅಂತರರಾಷ್ಟ್ರೀಯ ಪ್ರದರ್ಶನ ನಡೆಯಿತು. ಆರ್ಟ್ ಡೆಕೊ ಎಂಬ ಹೆಸರಿನ ಬೇರು ಅಲ್ಲಿದೆ, ಆದರೆ ಆ ಹೆಸರು ಬಳಕೆಗೆ ಬಂದದ್ದು 1960ರ ದಶಕದಲ್ಲಿ. ಅದೇ ಪ್ರದರ್ಶನದಲ್ಲಿ ಅಲಂಕಾರವನ್ನೇ ನಿರಾಕರಿಸಿದ ಲ ಕಾರ್ಬೂಸಿಯೇಯ ಮಂಟಪವೂ ನಿಂತಿತ್ತು. ಅದೇ ವರ್ಷ ಬೌಹೌಸ್ ವೈಮರ್‌ನಿಂದ ಡೆಸ್ಸಾವ್‌ಗೆ ಬಂತು, ಮತ್ತು ಮಾರ್ಸೆಲ್ ಬ್ರೋಯರ್ ಬಾಗಿಸಿದ ಉಕ್ಕಿನ ಕೊಳವೆಯಿಂದ ಕುರ್ಚಿ ಮಾಡಲು ತೊಡಗಿದ. ಮೂರೂ ಸಮಕಾಲೀನ. ಆದ್ದರಿಂದ ಕಾಲದ ಮನೆಯಲ್ಲಿ ಒಂದೇ ಇಸವಿ ಬರೆಯದೆ ಆರಂಭ ಮತ್ತು ಕೊನೆ ಎರಡನ್ನೂ ಬರೆದು, ಪಕ್ಕದಲ್ಲೇ ಒಂದು ಉದ್ದ ಗೆರೆ ಎಳೆದರೆ ಯಾವುದು ಯಾವುದರ ಜೊತೆ ಬದುಕಿತ್ತು ಎಂಬುದು ಕಣ್ಣಿಗೆ ಬೀಳುತ್ತದೆ.

ಇಷ್ಟಾದರೂ ಕೆಲವು ವಸ್ತುಗಳು ಯಾವ ಮನೆಯೊಳಗೂ ಕೂರುವುದಿಲ್ಲ. ಚಾರ್ಲ್ಸ್ ರೆನಿ ಮ್ಯಾಕಿಂಟಾಷ್ ಸ್ಕಾಟ್ಲೆಂಡಿನ ಹಿಲ್ ಹೌಸ್ ಎಂಬ ಮನೆಗಾಗಿ 1902ರ ಹೊತ್ತಿಗೆ ರೂಪಿಸಿದ ಕುರ್ಚಿ ಅಂಥದು. ಅದರ ಬೆನ್ನು ಸುಮಾರು 1.4 ಮೀಟರ್ ಎತ್ತರ, ಏಣಿಯಂತೆ ಅಡ್ಡಪಟ್ಟಿಗಳು, ತುದಿಯಲ್ಲಿ ಚೌಕಗಳ ಜಾಲರಿ. ಪುಸ್ತಕಗಳು ಇದನ್ನು ಸಾಮಾನ್ಯವಾಗಿ ಆರ್ಟ್ ನೂವೋ ಅಧ್ಯಾಯದಲ್ಲಿಡುತ್ತವೆ. ಗೆರೆ ನೋಡಿದರೆ ಬಳುಕೇ ಇಲ್ಲ. ವಸ್ತು ಮರ, ಮಾಡಿದ್ದು ಒಂದು ಮನೆಗಾಗಿ, ಆ ಮಟ್ಟಿಗೆ ಅದು ಆರ್ಟ್ಸ್ ಅಂಡ್ ಕ್ರಾಫ್ಟ್ಸ್‌ಗೆ ಹತ್ತಿರ. ಅಲಂಕಾರದ ಪ್ರಶ್ನೆ ಕೇಳಿದರೆ ಉತ್ತರ ಡೆಕೊದ ಕಡೆಗೆ ವಾಲುತ್ತದೆ, ಆದರೆ ಕಾಲ ಹೊಂದುವುದಿಲ್ಲ. ಇಂಥದನ್ನು ಯಾವುದಾದರೂ ಸಾಲಿಗೆ ತುರುಕಿದರೆ ಆ ಸಾಲಿನ ಲಕ್ಷಣವೇ ಸುಳ್ಳಾಗುತ್ತದೆ. ಮಾದರಿಯಾಗಿ ಬರೆಯಬೇಕಾದದ್ದು ತನ್ನ ಸಾಲಿನ ಎಲ್ಲ ಪ್ರಶ್ನೆಗಳಿಗೂ ಸರಿಯಾಗಿ ಉತ್ತರಿಸುವ ವಸ್ತುವನ್ನೇ ಹೊರತು ಅತಿ ಪ್ರಸಿದ್ಧವಾದದ್ದನ್ನಲ್ಲ. ಮ್ಯಾಕಿಂಟಾಷ್‌ನ ಕುರ್ಚಿಗೆ ಕೊನೆಯಲ್ಲಿ ‘ಗಡಿಯ ವಸ್ತುಗಳು’ ಎಂಬ ಬೇರೆ ಕಂಬಸಾಲು ಇರಬೇಕು.

ಕೋಷ್ಟಕ ಮುಗಿದ ಮೇಲೆ ಅದರಲ್ಲಿಲ್ಲದ ವಸ್ತುವಿನ ಮೇಲೆ ಅದನ್ನು ಪರೀಕ್ಷಿಸಬೇಕು. ಭಾರತದಲ್ಲಿ ಇದಕ್ಕೆ ಮುಂಬೈ ಅತ್ಯುತ್ತಮ ಜಾಗ. ಅಲ್ಲಿನ ವಿಕ್ಟೋರಿಯನ್ ಗೋಥಿಕ್ ಮತ್ತು ಆರ್ಟ್ ಡೆಕೊ ಕಟ್ಟಡಗಳ ಸಮೂಹ 2018ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಓವಲ್ ಮೈದಾನದ ಒಂದು ಬದಿಗೆ ಗೋಥಿಕ್, ಎದುರು ಬದಿಗೆ ಡೆಕೊ. ಮೈದಾನದ ನಡುವೆ ನಿಂತವರು ಮೊದಲು ಗೆರೆಯನ್ನು ನೋಡಲಿ, ಆಮೇಲೆ ಅಲಂಕಾರವನ್ನು ಹುಡುಕಲಿ, ಕಟ್ಟಡದ ಹೆಸರು ಮತ್ತು ಇಸವಿಯನ್ನು ಕೊನೆಗೆ ಓದಲಿ.