ಬೀಳ್ಕೊಡುಗೆ ಚಂದಾ: ಯಾರ ಪಾಲು ಎಷ್ಟು?

ಕರ್ನಾಟಕದ ಸರ್ಕಾರಿ ನೌಕರರು 60 ತುಂಬಿದ ತಿಂಗಳ ಕೊನೆಯ ದಿನ ನಿವೃತ್ತರಾಗುತ್ತಾರೆ. ಹಾಗಾಗಿ ಬೀಳ್ಕೊಡುಗೆಯ ಚಂದಾ ಎತ್ತುವುದೂ ತಿಂಗಳ ಕೊನೆಗೇ, ಸಣ್ಣ ಸಂಬಳದವರ ಕೈ ಬರಿದಾಗಿರುವ ಹೊತ್ತಿಗೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಜೊತೆಗೊಂದು ಬೆಳ್ಳಿ ದೀಪ ಎಂದು ಮೊದಲು ನಿರ್ಧಾರವಾಗುತ್ತದೆ. ಆಮೇಲೆ ತಲೆ ಎಣಿಸಿ ಭಾಗಿಸುತ್ತಾರೆ.

ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರೊಬ್ಬರು ನಿವೃತ್ತರಾಗುತ್ತಿದ್ದಾರೆ ಎಂದುಕೊಳ್ಳಿ. ಚಂದಾ ಕೊಡುವವರು 12 ಮಂದಿ: ತಹಶೀಲ್ದಾರ್, ಶಿರಸ್ತೇದಾರ್, ಆರು ಗುಮಾಸ್ತರು, ಇಬ್ಬರು ಡಿ ಗ್ರೂಪ್ ನೌಕರರು, ಇಬ್ಬರು ಹೊರಗುತ್ತಿಗೆ ಆಪರೇಟರ್‌ಗಳು. ಖರ್ಚು 8,400 ರೂಪಾಯಿ. ಸಮನಾಗಿ ಹಂಚಿದರೆ ತಲಾ 700. ಕೈಗೆ ಲಕ್ಷ ರೂಪಾಯಿ ಬರುವ ತಹಶೀಲ್ದಾರರಿಗೆ ಅದು ನೂರಕ್ಕೆ ಒಂದು ರೂಪಾಯಿಯೂ ಆಗದು. 15,000 ಎಣಿಸುವ ಆಪರೇಟರ್‌ಗೆ ಒಂದು ದಿನದ ದುಡಿಮೆಗಿಂತ ಹೆಚ್ಚು.

ಹಾಗೆಂದು ಎಲ್ಲರ ಸಂಬಳ ಕೇಳಿ ಶೇಕಡಾವಾರು ಲೆಕ್ಕ ಹಾಕುವುದು ಬೇಡ. ಸಂಬಳ ಒಂದೇ ಇದ್ದರೂ ಒಬ್ಬರಿಗೆ ಮನೆ ಸಾಲ, ಇನ್ನೊಬ್ಬರಿಗೆ ಆಸ್ಪತ್ರೆ ಖರ್ಚು ಇರುತ್ತದೆ. ಹುದ್ದೆ ನೋಡಿ ಮೂರು ದರ ಮಾಡಿದರೆ ಸಾಕು. ಮೇಲಿನ ಇಬ್ಬರಿಗೆ 1,500, ಗುಮಾಸ್ತರಿಗೆ 700, ಕೆಳಗಿನ ನಾಲ್ವರಿಗೆ 300. ಒಟ್ಟು ಅದೇ 8,400. ಗಮನಿಸಿ, ನಡುವಿನ ಆರು ಜನರ ಪಾಲು ಒಂದು ರೂಪಾಯಿಯೂ ಬದಲಾಗಲಿಲ್ಲ. ನಾಲ್ವರಿಗೆ ಇಳಿದ 1,600 ರೂಪಾಯಿಯನ್ನು ಇಬ್ಬರು ಅಧಿಕಾರಿಗಳು ಹೊತ್ತರು, ಅಷ್ಟೆ. ಆದ್ದರಿಂದ ಈ ಪದ್ಧತಿ ನಡೆಯಬೇಕಾದರೆ ಚಂದಾ ಎತ್ತುವವರು ಮೊದಲು ಮಾತಾಡಬೇಕಾದದ್ದು ಆ ಇಬ್ಬರ ಹತ್ತಿರ. ಅವರು ಒಪ್ಪದಿದ್ದರೆ ಬೆಳ್ಳಿ ದೀಪದ ಬದಲು ಹಿತ್ತಾಳೆಯದು ತರಬೇಕೇ ಹೊರತು ಕೆಳಗಿನವರ ದರ ಏರಿಸಬಾರದು.

ಆಗಲೂ ಆಪರೇಟರ್ ಸಂಬಳದ ಶೇ. 2 ಕೊಟ್ಟಂತಾಯಿತು, ತಹಶೀಲ್ದಾರ್ ಶೇ. 1.5. ಹೊರಗುತ್ತಿಗೆಯವರಿಗೆ ದರ ಹೇಳುವುದೇ ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಅವರು ಇಷ್ಟಪಟ್ಟು 100 ಕೊಟ್ಟರೆ ತೆಗೆದುಕೊಳ್ಳಬೇಕು.

ದರ ಸರಿಯಿದ್ದರೂ ಎತ್ತುವ ರೀತಿಯಲ್ಲಿ ಕೆಡುತ್ತದೆ. ಹೆಸರಿನ ಮುಂದೆ ಮೊತ್ತ ಬರೆದ ಹಾಳೆ ಮೇಜಿನಿಂದ ಮೇಜಿಗೆ ಹೋದರೆ, ವಾಟ್ಸಾಪ್ ಗುಂಪಿನಲ್ಲಿ ಹಣ ಕಳಿಸಿದ ಸ್ಕ್ರೀನ್‌ಶಾಟ್ ಬೀಳತೊಡಗಿದರೆ, 300 ಕೊಡಬೇಕಾದವರೂ ಸಾಲ ಮಾಡಿ 700 ಕೊಡುತ್ತಾರೆ. ಲೆಕ್ಕ ಒಬ್ಬರ ಬಳಿಯೇ ಇರಲಿ. ಶುಭಾಶಯದ ಕಾರ್ಡಿನಲ್ಲಿ ಕೊಟ್ಟವರು, ಕೊಡದವರು ಎನ್ನದೆ ಎಲ್ಲರ ಹೆಸರೂ ಬರಲಿ.

ಹೊರಡುವವರು ಮೇಲಧಿಕಾರಿಯೇ ಆಗಿದ್ದರೆ ಮಾತು ಬೇರೆ. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳ 14ನೇ ನಿಯಮ ಇದನ್ನು ಆಗಲೇ ಕಂಡಿತ್ತು: ಬೀಳ್ಕೊಡುಗೆ ಸಮಾರಂಭಕ್ಕೆ ವಂತಿಗೆ ಕೊಡುವಂತೆ ಯಾರನ್ನೂ ಒತ್ತಾಯಿಸಬಾರದು, ಸಿ ಮತ್ತು ಡಿ ಗುಂಪಿಗೆ ಸೇರದ ಅಧಿಕಾರಿಗಾಗಿ ಆ ಗುಂಪಿನವರಿಂದ ಯಾವ ಕಾರಣಕ್ಕೂ ಹಣ ಎತ್ತಬಾರದು. ನಿಯಮ ಹೇಳುವುದು ಸಮಾರಂಭದ ವಿಷಯ. ಉಡುಗೊರೆಗೂ ಅದನ್ನೇ ಪಾಲಿಸಬಹುದು, ಏಕೆಂದರೆ ಸಾಹೇಬರ ಹೆಸರಿನಲ್ಲಿ ಕೇಳಿದಾಗ ಇಲ್ಲ ಎನ್ನುವ ಧೈರ್ಯ ಜವಾನರಿಗೆ ಇರುವುದಿಲ್ಲ.