ಪಾಲು ಹಂಚಿ ಉಳಿದದ್ದು ಯಾರಿಗೆ?

ಕ್ರಿ.ಶ. 625ರಲ್ಲಿ ಮದೀನಾದ ಬಳಿ ನಡೆದ ಉಹುದ್ ಯುದ್ಧದಲ್ಲಿ ಮಡಿದವರಲ್ಲಿ ಸಅದ್ ಬಿನ್ ರಬೀ ಒಬ್ಬರು. ಅವರಿಗೆ ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳಿದ್ದರು, ಗಂಡುಮಕ್ಕಳಿರಲಿಲ್ಲ. ಆಸ್ತಿಯನ್ನೆಲ್ಲ ಸಅದ್‌ರ ಸಹೋದರ ವಶಕ್ಕೆ ತೆಗೆದುಕೊಂಡ. ಅಂದಿನ ಅರಬರ ರೂಢಿಯಂತೆ ಅದರಲ್ಲಿ ತಪ್ಪೇನೂ ಇರಲಿಲ್ಲ, ಏಕೆಂದರೆ ಆಸ್ತಿ ಸೇರುತ್ತಿದ್ದುದು ತಂದೆಯ ಕಡೆಯ ಗಂಡಸರಿಗೇ. ಸಅದ್‌ರ ವಿಧವೆ ಮಕ್ಕಳನ್ನು ಕರೆದುಕೊಂಡು ಪ್ರವಾದಿ ಮುಹಮ್ಮದರ ಬಳಿ ಹೋದರು. ಕೈಯಲ್ಲಿ ಏನೂ ಇಲ್ಲದೆ ಈ ಮಕ್ಕಳ ಮದುವೆ ಮಾಡುವುದು ಹೇಗೆ ಎಂಬುದು ಅವರ ಸಂಕಟ.

ಪ್ರವಾದಿಯವರು ಆ ಸಹೋದರನಿಗೆ ಹೇಳಿ ಕಳುಹಿಸಿದ ತೀರ್ಪು ಇದು: ಹೆಣ್ಣುಮಕ್ಕಳಿಬ್ಬರಿಗೆ ಮೂರರಲ್ಲಿ ಎರಡು ಭಾಗ, ವಿಧವೆಗೆ ಎಂಟರಲ್ಲಿ ಒಂದು, ಮಿಕ್ಕದ್ದು ಅವನಿಗೆ. ಆಸ್ತಿಯನ್ನು 24 ಭಾಗ ಮಾಡಿದರೆ ಮಕ್ಕಳಿಗೆ 16, ತಾಯಿಗೆ 3, ಸಹೋದರನಿಗೆ 5. ಇಡೀ ಆಸ್ತಿ ಹಿಡಿದಿದ್ದವನು ಐದು ಭಾಗಕ್ಕೆ ಇಳಿದ. ಆದರೆ ಅವನನ್ನು ಪೂರ್ತಿ ಹೊರಗೆ ಹಾಕಲಿಲ್ಲ ಎಂಬುದೂ ಅಷ್ಟೇ ಮುಖ್ಯ.

ಮುಸ್ಲಿಂ ಉತ್ತರಾಧಿಕಾರ ಕಾನೂನಿನ ಇಡೀ ಚೌಕಟ್ಟು ಈ ಒಂದು ತೀರ್ಪಿನಲ್ಲೇ ಕಾಣುತ್ತದೆ. ಹೆಂಡತಿ, ಗಂಡ, ತಾಯಿ, ಮಗಳು ಮುಂತಾದವರಿಗೆ ಇಂತಿಷ್ಟೆಂದು ಪಾಲು ಗೊತ್ತುಮಾಡಲಾಗಿದೆ. ಅವರು ನಿಗದಿತ ಪಾಲುದಾರರು. ಅವರ ಪಾಲು ಕೊಟ್ಟ ಮೇಲೆ ಉಳಿದದ್ದನ್ನು ಪಡೆಯುವವರು ಶೇಷ ವಾರಸುದಾರರು, ಅರಬ್ಬಿಯಲ್ಲಿ ‘ಅಸಬಾ’. ‘ಉಳಿದದ್ದು’ ಎಂದೊಡನೆ ಅದು ಚೂರುಪಾರು, ಪಡೆಯುವವರು ದೂರದವರು ಎಂದು ಅನೇಕರು ಭಾವಿಸುತ್ತಾರೆ. ನಿಜ ಹಾಗಿಲ್ಲ. ಶೇಷ ವಾರಸುದಾರರ ಸಾಲಿನಲ್ಲಿ ಮೊದಲು ನಿಲ್ಲುವವನು ಸತ್ತವರ ಸ್ವಂತ ಮಗ. ಅವನಿಗೆ ನಿಗದಿತ ಪಾಲೇ ಇಲ್ಲ. ಅವನು ಪಡೆಯುವುದೆಲ್ಲ ಶೇಷವೇ. ಅವನ ಜೊತೆ ಮಗಳಿದ್ದರೆ ಅವಳೂ ನಿಗದಿತ ಪಾಲು ಬಿಟ್ಟು ಶೇಷಕ್ಕೆ ಸೇರುತ್ತಾಳೆ. ಆಗ ಅಣ್ಣನಿಗೆ ಎರಡು ಬಂದರೆ ತಂಗಿಗೆ ಒಂದು.

ಒಂದು ಕುಟುಂಬವನ್ನು ಊಹಿಸಿಕೊಂಡು ಇದನ್ನು ಲೆಕ್ಕ ಹಾಕಿ ನೋಡಬಹುದು. ಕುಟುಂಬ ಹನಫಿ ಪಂಥದ್ದು. ಭಾರತದ ಸುನ್ನಿಗಳಲ್ಲಿ ಹೆಚ್ಚಿನವರು ಈ ಪಂಥದವರೇ. ಮನೆಯ ಯಜಮಾನ ತೀರಿಕೊಂಡಿದ್ದಾನೆ. ಶವಸಂಸ್ಕಾರದ ಖರ್ಚು, ಸಾಲ, ಹೆಂಡತಿಗೆ ಕೊಡದೆ ಬಾಕಿ ಉಳಿಸಿಕೊಂಡ ಮೆಹರ್ ಎಲ್ಲ ತೀರಿ 24 ಲಕ್ಷ ರೂಪಾಯಿಯ ಆಸ್ತಿ ಉಳಿದಿದೆ. ಉಯಿಲು ಬರೆದಿಲ್ಲ. ಹೆಂಡತಿ ಇದ್ದಾಳೆ, ಒಬ್ಬಳೇ ಮಗಳಿದ್ದಾಳೆ. ತಂದೆತಾಯಿ ಇಲ್ಲ. ಒಡಹುಟ್ಟಿದ ಅಣ್ಣ ಮೊದಲೇ ತೀರಿಹೋಗಿ, ಅಣ್ಣನ ಮಗನೊಬ್ಬ ಬೇರೆ ಊರಿನಲ್ಲಿದ್ದಾನೆ.

ಮಕ್ಕಳಿರುವುದರಿಂದ ಹೆಂಡತಿಗೆ ಎಂಟನೇ ಒಂದು, ಅಂದರೆ 3 ಲಕ್ಷ. ಒಬ್ಬಳೇ ಮಗಳಾದ್ದರಿಂದ ಅವಳಿಗೆ ಅರ್ಧ, 12 ಲಕ್ಷ. ಉಳಿದ 9 ಲಕ್ಷ ಬೇರೆ ಊರಿನ ಅಣ್ಣನ ಮಗನಿಗೆ. ಚಿಕ್ಕಪ್ಪನ ಮನೆಗೆ ಅವನು ಹತ್ತು ವರ್ಷ ಕಾಲಿಟ್ಟಿಲ್ಲದಿದ್ದರೂ ಲೆಕ್ಕ ಬದಲಾಗುವುದಿಲ್ಲ. ಅವನಿಗೆ ಅಕ್ಕನೋ ತಂಗಿಯೋ ಇದ್ದರೆ ಅವಳಿಗೆ ಇದರಲ್ಲಿ ಏನೂ ಸಿಗದು. ಮಗಳು ಮಗನ ಜೊತೆ, ಸಹೋದರಿ ಸಹೋದರನ ಜೊತೆ ಶೇಷಕ್ಕೆ ಸೇರುವಂತೆ ಅಣ್ಣನ ಮಗಳು ಸೇರುವುದಿಲ್ಲ. ಅವಳನ್ನು ಕಾನೂನು ದೂರದ ಬಂಧುಗಳ ಗುಂಪಿನಲ್ಲಿ ಇಟ್ಟಿದೆ. ಸತ್ತವನು ಎತ್ತಿ ಆಡಿಸಿದ ಮಗಳ ಮಗನೂ ಅದೇ ಗುಂಪಿನವನು.

ಈಗ ಚಿತ್ರದಲ್ಲಿ ಒಬ್ಬರನ್ನು ಸೇರಿಸೋಣ. ಸತ್ತವನಿಗೆ ಒಡಹುಟ್ಟಿದ ತಂಗಿ ಇದ್ದಾಳೆ. ಮಗಳಿರುವಾಗ ಸಹೋದರಿ ನಿಗದಿತ ಪಾಲುದಾರಳಾಗಿ ಉಳಿಯದೆ ಶೇಷ ವಾರಸುದಾರಳಾಗುತ್ತಾಳೆ. ಆ 9 ಲಕ್ಷವೂ ಅವಳದೇ. ಅಣ್ಣನ ಮಗನಿಗೆ ಏನೂ ಇಲ್ಲ. ಈ ಸಾಲು ಗಂಡಸರಿಗೇ ಮೀಸಲು ಎಂಬ ತಿಳಿವಳಿಕೆ ಇಲ್ಲಿ ಸುಳ್ಳಾಗುತ್ತದೆ. ಇನ್ನು ಸತ್ತವನಿಗೆ ಒಬ್ಬ ಮಗನಿದ್ದಿದ್ದರೆ? ಹೆಂಡತಿಯ 3 ಲಕ್ಷ ಕಳೆದು ಉಳಿದ 21 ಲಕ್ಷದಲ್ಲಿ ಮಗನಿಗೆ 14, ಮಗಳಿಗೆ 7. ತಂಗಿಗೂ ಅಣ್ಣನ ಮಗನಿಗೂ ಬಾಗಿಲು ಮುಚ್ಚಿತು. ಮಗನ ಸಾಲು ಮೊದಲು, ಆಮೇಲೆ ತಂದೆ ಮತ್ತು ತಂದೆಯ ತಂದೆಯ ಸಾಲು, ಆಮೇಲೆ ಒಡಹುಟ್ಟಿದವರದು, ಕೊನೆಗೆ ಚಿಕ್ಕಪ್ಪ ದೊಡ್ಡಪ್ಪಂದಿರದು. ಹತ್ತಿರದವರು ಇರುವಾಗ ದೂರದವರ ಸರದಿ ಬರುವುದಿಲ್ಲ.

ಹೆಚ್ಚು ತೊಡಕಾಗುವುದು ಹೆಣ್ಣುಮಕ್ಕಳು ಮಾತ್ರ ಇರುವ ಮನೆಗಳಲ್ಲಿ. ತಂದೆಯದೆಲ್ಲ ತಮ್ಮದೇ ಎಂದುಕೊಂಡು ತಾಯಿ ಮಗಳು ಸೇರಿ ಮನೆ ಮಾರಿಬಿಡುತ್ತಾರೆ. ಕೊಂಡವನಿಗೆ ಅಣ್ಣನ ಮಗನ ವಿಷಯ ತಿಳಿಯುವುದು ನೋಟಿಸು ಬಂದಾಗ. ಈ ಕಾನೂನಿನಲ್ಲಿ ಸಾವಿನ ಕ್ಷಣದಲ್ಲೇ ಪ್ರತಿಯೊಬ್ಬ ವಾರಸುದಾರನ ಪಾಲು ಅವನವನದಾಗುತ್ತದೆ, ಒಬ್ಬರ ಪಾಲನ್ನು ಇನ್ನೊಬ್ಬರು ಮಾರಲಾಗದು. ಪಾಲು ಹಂಚಿ ಉಳಿದದ್ದನ್ನು ಮಗಳಿಗೇ ಮರಳಿಸುವ ‘ರದ್ದ್’ ಎಂಬ ನಿಯಮ ಇದೆ, ನಿಜ. ಆದರೆ ಒಬ್ಬನೇ ಒಬ್ಬ ಶೇಷ ವಾರಸುದಾರ ಎಲ್ಲಿದ್ದರೂ ಅದು ಜಾರಿಗೆ ಬರುವುದಿಲ್ಲ. ಆದ್ದರಿಂದ ಇಂಥ ಮನೆಗಳಲ್ಲಿ ತಂದೆಯ ಕಡೆಯ ವಂಶವೃಕ್ಷವನ್ನು ಚಿಕ್ಕಪ್ಪನ ಮೊಮ್ಮಕ್ಕಳವರೆಗೂ ಬರೆದು ನೋಡಬೇಕು. ಮಗಳಿಗೆ ಹೆಚ್ಚು ಸೇರಲಿ ಎನ್ನುವ ತಂದೆ ಬದುಕಿರುವಾಗಲೇ ಹಿಬಾ, ಅಂದರೆ ದಾನ, ಮಾಡಿ ಸ್ವಾಧೀನ ಕೊಡಬಹುದು. ಉಯಿಲು ಇದಕ್ಕೆ ಸಾಲದು: ಬೇರೆ ವಾರಸುದಾರರು ಒಪ್ಪದಿದ್ದರೆ ವಾರಸುದಾರಳಾದ ಮಗಳ ಹೆಸರಿಗೆ ಬರೆದ ಉಯಿಲು ನಿಲ್ಲುವುದಿಲ್ಲ. ಶಿಯಾ ಕಾನೂನಿನ ದಾರಿಯೇ ಬೇರೆ. ಅಲ್ಲಿ ಮಗಳಿದ್ದರೆ ಅಣ್ಣತಮ್ಮಂದಿರಿಗೂ ಅವರ ಮಕ್ಕಳಿಗೂ ಏನೂ ಸಿಗದು.

ಶೇಷ ಎಂದರೆ ಕೆಲವೊಮ್ಮೆ ಸೊನ್ನೆಯೂ ಹೌದು. ಎರಡನೇ ಖಲೀಫ ಉಮರರ ಮುಂದೆ ಇಂಥದೇ ವ್ಯಾಜ್ಯ ಬಂತು. ತೀರಿಹೋದ ಹೆಂಗಸಿಗೆ ಗಂಡ, ತಾಯಿ, ತಾಯಿ ಒಬ್ಬಳೇ ಆಗಿ ತಂದೆ ಬೇರೆಯಾದ ಸಹೋದರರು, ಜೊತೆಗೆ ಸ್ವಂತ ಒಡಹುಟ್ಟಿದ ಸಹೋದರರು. ಗಂಡನಿಗೆ ಅರ್ಧ, ತಾಯಿಗೆ ಆರನೇ ಒಂದು, ತಾಯಿಯ ಕಡೆಯ ಸಹೋದರರಿಗೆಲ್ಲ ಸೇರಿ ಮೂರನೇ ಒಂದು. ಅಲ್ಲಿಗೆ ಆಸ್ತಿ ಮುಗಿಯಿತು. ಸ್ವಂತ ಸಹೋದರರು ಶೇಷ ವಾರಸುದಾರರು, ಶೇಷವೇ ಉಳಿಯಲಿಲ್ಲ. ತಾಯಿ ಎಲ್ಲರಿಗೂ ಒಬ್ಬಳೇ ತಾನೆ, ನಮ್ಮ ತಂದೆಯನ್ನು ಕತ್ತೆ ಎಂದೇ ಎಣಿಸಿ, ತಾಯಿಯ ಮಕ್ಕಳೆಂದಾದರೂ ಪಾಲು ಕೊಡಿ ಎಂದು ಅವರು ವಾದಿಸಿದರಂತೆ. ಅದಕ್ಕೇ ಧರ್ಮಶಾಸ್ತ್ರಜ್ಞರಲ್ಲಿ ಇದು ‘ಕತ್ತೆಯ ಪ್ರಕರಣ’ ಎಂದೇ ಹೆಸರಾಯಿತು. ಮೊದಲು ಅಂಥವರಿಗೆ ಪಾಲಿಲ್ಲವೆಂದಿದ್ದ ಉಮರ್, ಈ ಸಲ ಆ ಮೂರನೇ ಒಂದನ್ನು ಎಲ್ಲರೂ ಸಮವಾಗಿ ಹಂಚಿಕೊಳ್ಳಲಿ ಎಂದರು.

ಹನಫಿ ಪಂಥ ಉಮರರ ಮೊದಲ ನಿಲುವನ್ನು ಉಳಿಸಿಕೊಂಡಿತು, ಶಾಫಿ ಪಂಥ ಎರಡನೆಯದನ್ನು ಒಪ್ಪಿತು. ಕರ್ನಾಟಕದಲ್ಲಿ ಎರಡೂ ಪಂಥದವರಿದ್ದಾರೆ. ಭಟ್ಕಳದ ನವಾಯತರು, ಕರಾವಳಿಯ ಬ್ಯಾರಿಗಳು ಶಾಫಿಗಳು. ಹೀಗಾಗಿ ಇಂಥದೇ ಸಂಸಾರದ ಹೆಂಗಸೊಬ್ಬಳು ಮಂಗಳೂರಿನ ಶಾಫಿ ಮನೆಯಲ್ಲಿ ತೀರಿಕೊಂಡರೆ ಅವಳ ಒಡಹುಟ್ಟಿದ ಅಣ್ಣನಿಗೆ ಪಾಲುಂಟು. ಕಲಬುರಗಿಯ ಹನಫಿ ಮನೆಯಲ್ಲಾದರೆ ಅವನಿಗೆ ಬರಿಗೈ.